ಎರಡು ಚೆಸ್ ಬೋರ್ಡಿನ ಫೋಟೋ: ಬಿಳಿಗೆ ಯಾವುದು ಒಳ್ಳೇದು?

ಕುಂಬಳೆಯ ಅಮ್ಮ: ಸರ್, ಮಗಳು ತೆಗೆದ ಎರಡು ಫೋಟೋ ಹಾಕಿದ್ದೇನೆ. ಒಂದನೇದ್ರಲ್ಲಿ ಬಿಳಿಗೆ ಬಿಷಪ್ಪೂ ಪಾನೂ ಉಂಟು, ಕಪ್ಪಿಗೆ ಬರೀ ರಾಜ. ಎರಡನೇದ್ರಲ್ಲಿ ಬಿಳಿಗೆ ಒಂದೇ ಪಾನ್. ಒಂದನೇದೇ ಒಳ್ಳೇದಲ್ವಾ?

ಕೋಚ್: ಅಲ್ಲಮ್ಮ. ಒಂದನೇದು ಡ್ರಾ, ಎರಡನೇದು ಬಿಳಿಗೆ ಗೆಲುವು. ಒಂದನೇದ್ರಲ್ಲಿ ಬಿಳಿ ರಾಜ g5, ಪಾನ್ h5, ಬಿಷಪ್ d3, ಕಪ್ಪು ರಾಜ g8. ಆ ಪಾನ್ ರಾಣಿ ಆಗ್ಬೇಕಾದ್ರೆ h8ಗೆ ಹೋಗ್ಬೇಕು, ಅದು ಕಪ್ಪು ಮನೆ. ಬಿಷಪ್ ಓಡಾಡೋದು ಬಿಳಿ ಮನೆಗಳಲ್ಲಿ ಮಾತ್ರ, ಹಾಗಾಗಿ ಅದಕ್ಕೆ ಆ ಮೂಲೆ ಮುಟ್ಲಿಕ್ಕೇ ಆಗೋದಿಲ್ಲ. ಕಪ್ಪು ರಾಜ h8ಗೆ ಹೋಗಿ ಕೂತ್ರೆ ಓಡಿಸೋದು ಯಾರು? g8 ಬಿಟ್ಟುಕೊಟ್ರೆ ಅಲ್ಲಿಗೂ ಇಲ್ಲಿಗೂ ಓಡಾಡ್ತಾ ಇರ್ತಾನೆ. ಬಿಳಿ ರಾಜ g6ಗೆ ಬಂದು ಬಿಷಪ್ c4ರಿಂದ g8 ಮುಚ್ಚಿದ್ರೆ ಕಪ್ಪಿಗೆ ಚೆಕ್ಕೂ ಇಲ್ಲ, ಹೋಗ್ಲಿಕ್ಕೆ ಮನೆಯೂ ಇಲ್ಲ, ಸ್ಟೇಲ್‌ಮೇಟ್. ಅದೇ ಬಿಷಪ್ ಕಪ್ಪು ಮನೆದಾಗಿದ್ರೆ ಬಿಳಿ ಗೆಲ್ತಿತ್ತು.

ಮಂಜೇಶ್ವರ: ಬಿಷಪ್ಪಿಗೆ 3, ಪಾನಿಗೆ 1, ಆನೆಗೆ 5, ಕೂಡಿಸಿ ನೋಡಿ, ಜಾಸ್ತಿ ಇದ್ದವ್ರೇ ಗೆಲ್ತಾರೆ. ಫಾರ್ವರ್ಡ್ ಮೆಸೇಜಲ್ಲಿ ಬಂದಿತ್ತು.

ಕೋಚ್: ಆ ಲೆಕ್ಕದಲ್ಲಿ ಒಂದನೇ ಫೋಟೋದಲ್ಲಿ ಬಿಳಿಗೆ 4, ಕಪ್ಪಿಗೆ ಸೊನ್ನೆ. ಆದ್ರೂ ಡ್ರಾ. ಅದನ್ನ ಮಕ್ಕಳಿಗೆ ಕಳಿಸ್ಬೇಡಿ ಮಾರಾಯ್ರೇ.

ಬದಿಯಡ್ಕ: ಎರಡನೇದ್ರಲ್ಲಿ ರಾಜರು ಎದುರುಬದುರು ನಿಂತಿದ್ದಾರೆ. ಬಿಳಿ ಸರದಿ ಆದ್ರೆ ಡ್ರಾ, ಕಪ್ಪು ಸರದಿ ಆದ್ರೆ ಗೆಲುವು. ನನಗೆ ಗೊತ್ತುಂಟು.

ಕೋಚ್: ನೀವು ಹೇಳಿದ್ದು ಒಂದು ಸಾಲು ಕೆಳಗೆ ಸರಿ, ಅಂದ್ರೆ ಬಿಳಿ ರಾಜ e5, ಪಾನ್ e4, ಕಪ್ಪು ರಾಜ e7 ಇದ್ದಾಗ. ಇಲ್ಲಿ ಬಿಳಿ ರಾಜ e6, ಪಾನ್ e5, ಕಪ್ಪು ರಾಜ e8, ರಾಜ ಪಾನಿಗಿಂತ ಮುಂದೆ ಆರನೇ ಸಾಲಲ್ಲಿ ಇದ್ದಾನೆ, ಸರದಿ ಯಾರದ್ದಾದ್ರೂ ಗೆಲುವೇ. ಕಪ್ಪು d8ಗೆ ಹೋದ್ರೆ ಬಿಳಿ f7, ಆಮೇಲೆ ದಾರಿ ಕಾಯ್ಲಿಕ್ಕೆ ರಾಜ ಇದ್ದಾನೆ, ಪಾನ್ ಓಡ್ತದೆ. ಬಿಳಿ ಸರದಿ ಆದ್ರೆ ರಾಜ d6, ಕಪ್ಪು d8, ಪಾನ್ e6, ಕಪ್ಪು e8, ಪಾನ್ e7. ಈಗ ಕಪ್ಪಿಗೆ f7 ಒಂದೇ ಮನೆ, ಬಿಳಿ d7, ಮುಗೀತು.

ಬದಿಯಡ್ಕ: ಹಾಗಾದ್ರೆ h ಸಾಲಿನ ಪಾನ್ ಇದ್ರೂ ಗೆಲುವಾ?

ಉಪ್ಪಳ: ಆ ಫೋಟೋ ಕಪ್ಪಿನ ಕಡೆಯಿಂದ ತೆಗೆದದ್ದು ಅಂತ ಕಾಣ್ತದೆ, ಪಾನ್ ಕೆಳಗೆ ಬರ್ತಾ ಇದ್ರೆ ರಾಜ ಹಿಂದೆ ಬಿದ್ದ ಹಾಗಲ್ವಾ?

ಮಂಜೇಶ್ವರ: ಅಂಚಲ್ಲಿ ನಂಬರ್ ಬರ್ದಿದೆಯಲ್ಲ, ಕಣ್ಣು ಕಾಣೋದಿಲ್ವಾ?

ಉಪ್ಪಳ: ನೀವು ಫಾರ್ವರ್ಡ್ ಮೆಸೇಜ್ ಓದಿ ಸಾಕು.

ಕೋಚ್: 8 ಮೇಲೆ ಉಂಟು, ಪಾನ್ ಮೇಲಕ್ಕೇ ಹೋಗ್ತದೆ. ಇನ್ಮೇಲೆ ನಂಬರೂ ಅಕ್ಷರವೂ ಕಾಣದ ಫೋಟೋ ಹಾಕಿದ್ರೆ ಉತ್ತರ ಇಲ್ಲ.

ಮುಳ್ಳೇರಿಯ: ನನ್ನ ಮಗ ಮೊನ್ನೆ ಕುದುರೆ ಕಳ್ಕೊಂಡು ಸೋತ, ಅದು ಯಾಕೆ ಸರ್?

ಕುಂಬಳೆಯ ಅಮ್ಮ: ಸರ್, ಒಂದನೇದ್ರಲ್ಲಿ ಪಾನ್ a ಸಾಲಲ್ಲಿ ಇದ್ದಿದ್ರೆ?

ಕೋಚ್: a8 ಬಿಳಿ ಮನೆ. ನಿಮ್ಮ ಬಿಷಪ್ ಯಾವ ಬಣ್ಣದ್ದು ನೋಡಿ.

ಮಂಜೇಶ್ವರ: ಅಂದ್ರೆ 4 ಪಾಯಿಂಟ್ ಗೆದ್ದಿತಲ್ಲ!