ಟೆಸ್ಟ್, ಕ್ಯಾನ್ಸಲ್, ಡುಪ್ಲಿಕೇಟ್ ಆರ್ಡರ್‌ಗಳನ್ನು ತೆಗೆಯುವ ಕ್ರಮ: ನಿಮ್ಮ ಅನುಭವ ಹೇಳಿ

ಪ್ರಶ್ನೆ (ಜಯನಗರ): ನಮ್ಮದು ಕಾಫಿಪುಡಿ ಮತ್ತು ಕುರುಕಲು ತಿಂಡಿಯ ಆನ್‌ಲೈನ್ ಮಾರಾಟ. ಡ್ಯಾಶ್‌ಬೋರ್ಡ್ ತೋರಿಸುವ ತಿಂಗಳ ಆದಾಯ ಬ್ಯಾಂಕಿಗೆ ಬಂದ ಹಣಕ್ಕಿಂತ ಬಹಳ ಹೆಚ್ಚಿದೆ. ಟೆಸ್ಟ್, ಕ್ಯಾನ್ಸಲ್, ಡುಪ್ಲಿಕೇಟ್ ಆರ್ಡರ್‌ಗಳಲ್ಲಿ ಯಾವುದನ್ನು ಮೊದಲು ತೆಗೆಯಬೇಕು? ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಬಸವನಗುಡಿ, ಸೀರೆ ವ್ಯಾಪಾರ: ಡುಪ್ಲಿಕೇಟ್ ಆಮೇಲೆ ನೋಡಿಕೊಳ್ಳಿ, ಮೊದಲು ಕ್ಯಾಶ್ ಆನ್ ಡೆಲಿವರಿಯನ್ನು ಬೇರೆ ಮಾಡಿ. ನಮ್ಮಲ್ಲಿ ಗ್ರಾಹಕರು ಬಾಗಿಲಲ್ಲೇ ಪಾರ್ಸೆಲ್ ಬೇಡವೆಂದು ಹಿಂದಿರುಗಿಸಿದರೆ, ಕೊರಿಯರ್‌ನವರ ಪಟ್ಟಿಯಲ್ಲಿ ಅದು ‘ಆರ್‌ಟಿಒ’, ಅಂದರೆ ಕಳಿಸಿದವರಿಗೇ ವಾಪಸ್, ಎಂದಾಗುತ್ತಿತ್ತು. ನಮ್ಮ ಆರ್ಡರ್ ಪಟ್ಟಿಯಲ್ಲಿ ಮಾತ್ರ ‘ರವಾನೆಯಾಗಿದೆ’ ಎಂದೇ ಉಳಿಯುತ್ತಿತ್ತು. 3,200 ರೂಪಾಯಿಯ ಸೀರೆ ಹೀಗೆ ಹಿಂದಿರುಗಿದಾಗ ಹೋಗುವ ಸಾಗಣೆ 95, ಬರುವ ಸಾಗಣೆ 95, ಮತ್ತೆ ಇಸ್ತ್ರಿ ಮಾಡಿಸಿ ಹೊಸ ಪೆಟ್ಟಿಗೆಗೆ ಹಾಕಲು 40, ಒಟ್ಟು 230 ರೂಪಾಯಿ ಕೈಯಿಂದ ಹೋಗುತ್ತದೆ. ಡ್ಯಾಶ್‌ಬೋರ್ಡ್ ಮಾತ್ರ 3,200 ರೂಪಾಯಿ ಆದಾಯವೆಂದು ತೋರಿಸುತ್ತಲೇ ಇರುತ್ತದೆ. ಅದನ್ನು ಮಾಡಿಕೊಟ್ಟ ಸಂಸ್ಥೆಯವರನ್ನು ಕೇಳಿದರೆ, ಕ್ಯಾನ್ಸಲ್ ಆದದ್ದನ್ನೆಲ್ಲ ತೆಗೆದಿದ್ದೇವೆ ಎಂದರು. ಹಿಂದಿರುಗಿದ ಸರಕು ಕ್ಯಾನ್ಸಲ್ ಎಂಬ ಹೆಸರಿನಲ್ಲಿ ಬರುವುದೇ ಇಲ್ಲವೆಂಬುದು ಅವರಿಗೆ ಹೊಳೆಯಲೇ ಇಲ್ಲ. ಹಣವನ್ನಂತೂ ಪೂರ್ತಿ ವಸೂಲು ಮಾಡಿಕೊಂಡರು.

ಎಚ್‌ಎಸ್‌ಆರ್ ಲೇಔಟ್, ಡೇಟಾ ಎಂಜಿನಿಯರ್: ಆರ್‌ಟಿಒ ವಿಷಯ ಸರಿಯೇ, ಆದರೆ ಕಾಫಿಪುಡಿಯ ಅಂಗಡಿಯಲ್ಲಿ ‘ಬಹಳ ಹೆಚ್ಚು’ ಎನ್ನುವಷ್ಟು ವ್ಯತ್ಯಾಸ ಬಂದಿದ್ದರೆ ನಾನು ಮೊದಲು ಅನುಮಾನಿಸುವುದು ಕೋಷ್ಟಕಗಳನ್ನು ಜೋಡಿಸುವ ಜಾಗವನ್ನು. ನಾನು ನೋಡಿದ ಒಂದು ಆರ್ಡರಿನ ಲೆಕ್ಕ ಹೀಗಿತ್ತು: ಮೊತ್ತ 2,400 ರೂಪಾಯಿ, ಅದರಲ್ಲಿ 1,500 ಮತ್ತು 900ರ ಎರಡು ವಸ್ತುಗಳು. ಗ್ರಾಹಕರ ಮೊದಲ ಯುಪಿಐ ಪ್ರಯತ್ನ ವಿಫಲವಾಗಿ ಎರಡನೆಯದು ಫಲಿಸಿತ್ತು. ಆರ್ಡರ್ ಕೋಷ್ಟಕಕ್ಕೆ ವಸ್ತುಗಳ ಕೋಷ್ಟಕ ಜೋಡಿಸಿದ ಕೂಡಲೇ ಒಂದು ಸಾಲು ಎರಡಾಯಿತು, ಪಾವತಿ ಕೋಷ್ಟಕವನ್ನೂ ಜೋಡಿಸಿದಾಗ ನಾಲ್ಕಾಯಿತು. ಪ್ರತಿ ಸಾಲಿನಲ್ಲೂ 2,400 ಇದ್ದುದರಿಂದ ಕೂಡಿದಾಗ 9,600 ಬಂತು. ಆರ್ಡರ್ ಕೋಷ್ಟಕದಲ್ಲಿ ಡುಪ್ಲಿಕೇಟ್ ಹುಡುಕುತ್ತ ಕುಳಿತರೆ ಒಂದೂ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಇರುವುದು ಒಂದೇ ಸಾಲು.

ಡ್ಯಾಶ್‌ಬೋರ್ಡ್ ಓದುವ ಕೋಷ್ಟಕದ ಮೇಲೆಯೇ ಇದನ್ನು ಓಡಿಸಿ:

```sql
SELECT COUNT(*), COUNT(DISTINCT order_id)
FROM dashboard_orders;
```

ಎರಡು ಸಂಖ್ಯೆಗಳೂ ಒಂದೇ ಆಗಿರಬೇಕು. ಬೇರೆಯಾಗಿದ್ದರೆ, ವಸ್ತುಗಳನ್ನು ಮೊದಲೇ ಆರ್ಡರಿಗೊಂದು ಸಾಲಾಗಿ ಒಟ್ಟುಗೂಡಿಸಿ, ಪಾವತಿಯಲ್ಲಿ ಫಲಿಸಿದ ಮೊತ್ತವನ್ನು ಮಾತ್ರ ಹಾಗೆಯೇ ಒಟ್ಟುಗೂಡಿಸಿ, ಆಮೇಲೆ ಜೋಡಿಸಿ. ಇದಾದ ಮೇಲೆಯೇ ಟೆಸ್ಟ್ ಮತ್ತು ಕ್ಯಾನ್ಸಲ್ ಕಡೆಗೆ ಹೋಗಿ. ಉಬ್ಬಿದ ಕೋಷ್ಟಕದಿಂದ ಎಷ್ಟು ಕಳೆದಿರಿ ಎಂಬ ಲೆಕ್ಕಕ್ಕೆ ಅರ್ಥವಿರುವುದಿಲ್ಲ.

ರಾಜಾಜಿನಗರ, ಪುಸ್ತಕ ಮಾರಾಟ: ಇಷ್ಟು ಸುತ್ತುವ ಅಗತ್ಯವಿಲ್ಲ. ನಾನು `SUM(DISTINCT order_total)` ಎಂದು ಒಂದೇ ಸಾಲಿನಲ್ಲಿ ಬರೆದಿದ್ದೇನೆ, ಉಬ್ಬರ ತಕ್ಷಣ ಇಳಿಯಿತು. ಎಂಜಿನಿಯರ್‌ಗಳಿಗೆ ಗಂಟೆಗೆ 1,500 ರೂಪಾಯಿ ಕೊಟ್ಟು ಮಾಡಿಸುವ ಕೆಲಸ ಇದಲ್ಲ.

ಎಚ್‌ಎಸ್‌ಆರ್ ಲೇಔಟ್, ಡೇಟಾ ಎಂಜಿನಿಯರ್: ಸರ್, ಉಬ್ಬರ ಇಳಿದದ್ದು ನಿಜ, ಆದರೆ ಇಳಿಯಬಾರದ್ದೂ ಇಳಿದಿದೆ. ಮೂರು ಬೇರೆ ಬೇರೆ ಗ್ರಾಹಕರು 499 ರೂಪಾಯಿಯ ಒಂದೇ ಪುಸ್ತಕ ಕೊಂಡರೆ ನಿಮ್ಮ ಆದಾಯ 1,497. ನಿಮ್ಮ ಸಾಲು ಅದನ್ನು 499 ಎನ್ನುತ್ತದೆ, ಏಕೆಂದರೆ ಅದು ಹೋಲಿಸುವುದು ಮೊತ್ತವನ್ನು, ಆರ್ಡರನ್ನಲ್ಲ. ಸ್ಥಿರ ಬೆಲೆಯ ಪುಸ್ತಕ ಮಾರುವವರಿಗೆ ಇದಕ್ಕಿಂತ ಅಪಾಯಕಾರಿಯಾದ ಸೂತ್ರ ಇನ್ನೊಂದಿಲ್ಲ. ದಯವಿಟ್ಟು ಇದನ್ನು ಬೇರೆಯವರಿಗೆ ಸಲಹೆಯಾಗಿ ಕೊಡಬೇಡಿ.

ರಾಜಾಜಿನಗರ, ಪುಸ್ತಕ ಮಾರಾಟ: ನಮ್ಮ ಪ್ರತಿ ಆರ್ಡರಿಗೂ ಊರಿಗೆ ತಕ್ಕಂತೆ ಅಂಚೆ ವೆಚ್ಚ ಸೇರುವುದರಿಂದ ಮೊತ್ತಗಳು ಬೇರೆಯಾಗಿಯೇ ಇರುತ್ತವೆ. ನನ್ನ ಅಂಗಡಿಯ ಲೆಕ್ಕ ನೋಡದೆ ಅಪಾಯಕಾರಿ ಎನ್ನುವುದು ಸೌಜನ್ಯವಲ್ಲ.

ಎಚ್‌ಎಸ್‌ಆರ್ ಲೇಔಟ್, ಡೇಟಾ ಎಂಜಿನಿಯರ್: ಬೆಂಗಳೂರಿನೊಳಗೇ ಒಂದೇ ಪುಸ್ತಕ ತರಿಸಿಕೊಂಡ ಇಬ್ಬರಿಗೆ ಅಂಚೆ ವೆಚ್ಚ ಬೇರೆಯಾಗುತ್ತದೆಯೇ? ಒಂದು ದಿನದ ಆರ್ಡರ್‌ಗಳನ್ನು ಕೈಯಿಂದ ಕೂಡಿ ನೋಡಿ, ನಾನು ಇನ್ನೇನೂ ಹೇಳುವುದಿಲ್ಲ.

ಕೋರಮಂಗಲ, ಆಟಿಕೆ ಮಾರಾಟ: ನಮಗೆ ತೊಂದರೆ ಕೊಟ್ಟದ್ದು ವೆಬ್‌ಹುಕ್, ಅಂದರೆ ಪಾವತಿ ಗೇಟ್‌ವೇ ನಮ್ಮ ಸರ್ವರ್‌ಗೆ ತಾನಾಗಿ ಕಳಿಸುವ ಸಂದೇಶ. ನಮ್ಮ ಸರ್ವರ್ ಉತ್ತರಿಸಲು ತಡಮಾಡಿದರೆ ಗೇಟ್‌ವೇ ಅದೇ ಸಂದೇಶವನ್ನು ಮತ್ತೆ ಕಳಿಸುತ್ತದೆ, ನಮ್ಮ ಕೋಡ್ ಪ್ರತಿ ಸಲವೂ ಹೊಸ ಆರ್ಡರ್ ಬರೆಯುತ್ತಿತ್ತು. ರೇಜರ್‌ಪೇ ಗೇಟ್‌ವೇಯಲ್ಲಿ `x-razorpay-event-id` ಎಂಬ ಹೆಡರ್ ಬರುತ್ತದೆ; ಅದೇ ಗುರುತು ಈಗಾಗಲೇ ದಾಖಲಾಗಿದ್ದರೆ ಎರಡನೆಯದನ್ನು ಬಿಟ್ಟುಬಿಡಬೇಕು. ಆದರೆ ಒಬ್ಬರೇ ಗ್ರಾಹಕರು ಐದು ನಿಮಿಷದೊಳಗೆ ಅದೇ ಮೊತ್ತಕ್ಕೆ ಎರಡು ಆರ್ಡರ್ ಮಾಡಿ, ಎರಡಕ್ಕೂ ಬೇರೆ ಪಾವತಿ ಸಂಖ್ಯೆ ಇದ್ದರೆ ಅದು ಡುಪ್ಲಿಕೇಟ್ ಅಲ್ಲ. ನಮ್ಮಲ್ಲಿ ಅವಳಿ ಮಕ್ಕಳ ತಾಯಿಯೊಬ್ಬರು ಹಾಗೆಯೇ ಎರಡು ಗಾಡಿ ತರಿಸಿಕೊಂಡಿದ್ದರು.

ಟೆಸ್ಟ್ ಆರ್ಡರ್‌ಗಳ ಬಗ್ಗೆ ಇನ್ನೊಂದು ಮಾತು. `rzp_test_` ಕೀಲಿಯಿಂದ ಬಂದವು ಸುಲಭವಾಗಿ ಗುರುತು ಸಿಗುತ್ತವೆ. ಲೈವ್ ಕೀಲಿಯಲ್ಲಿಯೇ ಸಿಬ್ಬಂದಿ ಒಂದು ರೂಪಾಯಿ ಕಟ್ಟಿ ನೋಡಿದವು ಸಿಗುವುದಿಲ್ಲ, ಮತ್ತು ಕಚೇರಿಯ ಇ-ಮೇಲ್ ಇರುವುದನ್ನೆಲ್ಲ ತೆಗೆದರೆ ದೀಪಾವಳಿಗೆ ಸಿಬ್ಬಂದಿ ನಿಜವಾಗಿ ಕೊಂಡದ್ದೂ ಹೋಗುತ್ತದೆ. ಆದ್ದರಿಂದ ನಾವು ಏನನ್ನೂ ಅಳಿಸುವುದಿಲ್ಲ. ಟೆಸ್ಟ್ ಆರ್ಡರ್ ಸಂಖ್ಯೆ, ಮಾಡಿದವರು, ಕಾರಣ ಎಂಬ ಮೂರು ಅಂಕಣಗಳ ಪ್ರತ್ಯೇಕ ಪಟ್ಟಿಯಿದೆ, ಅದರಲ್ಲಿರುವುದನ್ನು ಮಾತ್ರ ಆದಾಯದಿಂದ ಹೊರಗಿಡುತ್ತೇವೆ.

ಮಲ್ಲೇಶ್ವರ, ಲೆಕ್ಕಪರಿಶೋಧಕಿ: ಕ್ಯಾನ್ಸಲ್ ಆದದ್ದನ್ನು ‘ತೆಗೆಯುವುದು’ ಎಂಬ ಮಾತೇ ನನಗೆ ಒಪ್ಪಿಗೆಯಿಲ್ಲ. ಇನ್‌ವಾಯ್ಸ್ ಆಗುವ ಮೊದಲೇ ರದ್ದಾದದ್ದು ಆದಾಯವೇ ಅಲ್ಲ, ಸರಿ. ಆದರೆ ಮಾರ್ಚ್‌ನಲ್ಲಿ ಇನ್‌ವಾಯ್ಸ್ ಆಗಿ ಏಪ್ರಿಲ್‌ನಲ್ಲಿ ಸರಕು ಹಿಂದಿರುಗಿದರೆ, ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಕ್ರೆಡಿಟ್ ನೋಟ್ ಕೊಟ್ಟ ತಿಂಗಳ ರಿಟರ್ನ್‌ನಲ್ಲಿ ಅದನ್ನು ತೋರಿಸಬೇಕು. ನಿಮ್ಮ ಡ್ಯಾಶ್‌ಬೋರ್ಡ್ ಹಿಂದೆ ಹೋಗಿ ಮಾರ್ಚ್ ಮೊತ್ತವನ್ನೇ ಬದಲಾಯಿಸಿದರೆ ಸಲ್ಲಿಸಿದ ರಿಟರ್ನ್‌ಗೂ ಅದಕ್ಕೂ ಎಂದಿಗೂ ಹೊಂದುವುದಿಲ್ಲ. ಪ್ರತಿ ವರ್ಷ ಆ ವ್ಯತ್ಯಾಸ ಹುಡುಕುವ ಕೆಲಸ ನಮ್ಮ ತಲೆಗೆ ಬರುತ್ತದೆ.

ಇಂದಿರಾನಗರ, ಜಾಹೀರಾತು ವಿಭಾಗ: ಮೇಡಂ, ಮಾರ್ಚ್ ಜಾಹೀರಾತಿಗೆ 60,000 ಸುರಿದು ಬಂದ ಆರ್ಡರ್‌ಗಳಲ್ಲಿ ಎಷ್ಟು ಉಳಿದವು ಎಂದು ತಿಳಿಯಬೇಕಾದರೆ, ಹಿಂದಿರುಗಿದ್ದನ್ನು ಮಾರ್ಚ್‌ನಲ್ಲೇ ಕಳೆಯಬೇಕು. ಏಪ್ರಿಲ್‌ನಲ್ಲಿ ಕಳೆದರೆ ಕೆಟ್ಟ ಜಾಹೀರಾತೂ ಒಳ್ಳೆಯದಾಗಿ ಕಾಣುತ್ತದೆ. ರಿಟರ್ನ್ ಸಲ್ಲಿಸುವುದಕ್ಕಾಗಿ ಡ್ಯಾಶ್‌ಬೋರ್ಡ್ ಕಟ್ಟಿಲ್ಲ.

ಮಲ್ಲೇಶ್ವರ, ಲೆಕ್ಕಪರಿಶೋಧಕಿ: ಹಾಗಾದರೆ ಅದಕ್ಕೆ ಆದಾಯ ಎಂದು ಹೆಸರಿಡಬೇಡಿ.

ಬಸವನಗುಡಿ, ಸೀರೆ ವ್ಯಾಪಾರ: ನನ್ನ 230 ರೂಪಾಯಿಯನ್ನು ಇಬ್ಬರೂ ಯಾವ ತಿಂಗಳಲ್ಲಿಯೂ ಲೆಕ್ಕ ಹಾಕಲಿಲ್ಲ.

ಜಯನಗರ (ಪ್ರಶ್ನೆ ಕೇಳಿದವರು): ಎರಡು ಸಂಖ್ಯೆಗಳೂ ಬೇರೆ ಬೇರೆ ಬಂದವು: 1,912 ಮತ್ತು 1,040. ಜೋಡಣೆ ಸರಿಪಡಿಸಿದ ಮೇಲೆ ಎರಡೂ 1,040 ಆದವು. ಆದರೆ `status <> 'cancelled'` ಹಾಕಿದಾಗ ರದ್ದಾದ 38ರ ಜೊತೆಗೆ ಇನ್ನೂ 61 ಆರ್ಡರ್ ಮಾಯವಾದವು.

ಎಚ್‌ಎಸ್‌ಆರ್ ಲೇಔಟ್, ಡೇಟಾ ಎಂಜಿನಿಯರ್: ಆ 61ರಲ್ಲಿ `status` ಖಾಲಿ, ಅಂದರೆ `NULL` ಇರಬೇಕು. `NULL` ಅನ್ನು ಯಾವುದರೊಂದಿಗೆ ಹೋಲಿಸಿದರೂ ಹೌದು ಎಂಬ ಉತ್ತರ ಬರುವುದಿಲ್ಲ, ಹಾಗಾಗಿ ಸಾಲು ಸದ್ದಿಲ್ಲದೆ ಬಿದ್ದುಹೋಗುತ್ತದೆ. `COALESCE(status, '') <> 'cancelled'` ಎಂದು ಬರೆದರೆ ಅವು ಮರಳಿ ಬರುತ್ತವೆ. ಆದರೆ ಕುರುಡಾಗಿ ಸೇರಿಸಬೇಡಿ. ಆ 61ಕ್ಕೂ ಫಲಿಸಿದ ಪಾವತಿ ಇದೆಯೇ ಎಂದು ಮೊದಲು ನೋಡಿ. ಬ್ಯಾಂಕಿನ ಮೊತ್ತದೊಂದಿಗೆ ಹೋಲಿಸುವಾಗ ಗೇಟ್‌ವೇ ತನ್ನ ಶುಲ್ಕವನ್ನೂ ಅದರ ಮೇಲಿನ ಜಿಎಸ್‌ಟಿಯನ್ನೂ ಹಿಡಿದುಕೊಂಡೇ ಹಣ ಹಾಕಿರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಜಯನಗರ (ಪ್ರಶ್ನೆ ಕೇಳಿದವರು): 57ಕ್ಕೆ ಪಾವತಿ ಇದೆ. ಉಳಿದ ನಾಲ್ಕೂ ಕ್ಯಾಶ್ ಆನ್ ಡೆಲಿವರಿ, ಕೊರಿಯರ್‌ನವರ ಪಟ್ಟಿ ತರಿಸುತ್ತಿದ್ದೇನೆ.