ಬೋಧಕರ ಗುಂಪಿನಲ್ಲಿ ನಡೆದ ಪ್ರಶ್ನೋತ್ತರ: ಉತ್ತರವನ್ನು ತಾನೇ ಹೇಳಿಬಿಡುವ ಪ್ರಕರಣ

ಕಿರಿಯ ಬೋಧಕಿ: ಮೇಡಂ, ಸಮಸ್ಯೆ ಆಧಾರಿತ ಕಲಿಕೆಯ ತರಗತಿಗೆ, "ಗರ್ಭಕೋಶ ತೆಗೆದ ನಂತರ ಒಳರಕ್ತಸ್ರಾವದಿಂದ ಶಾಕ್‌ಗೆ ಒಳಗಾದ 46 ವರ್ಷದ ಮಹಿಳೆಯ ಆರೈಕೆಯನ್ನು ಚರ್ಚಿಸಿ" ಎಂಬ ಪ್ರಕರಣ ಕೊಟ್ಟಿದ್ದೆ. ಎಂಟು ವಿದ್ಯಾರ್ಥಿಗಳೂ ಪುಸ್ತಕ ತೆರೆದು ಆರೈಕೆಯ ಪಟ್ಟಿಯನ್ನು ಓದಿದರು, ಇಪ್ಪತ್ತು ನಿಮಿಷದಲ್ಲಿ ಎಲ್ಲವೂ ಮುಗಿಯಿತು. ಎಲ್ಲಿ ತಪ್ಪಿದೆ?

ಪ್ರಾಧ್ಯಾಪಕಿ: ನೀವು ಬರೆದದ್ದು ಪರೀಕ್ಷೆಯ ಪ್ರಶ್ನೆ. ರೋಗದ ಹೆಸರನ್ನು ಮೊದಲ ಸಾಲಿನಲ್ಲೇ ಕೊಟ್ಟ ಮೇಲೆ ಹುಡುಕುವುದಕ್ಕೆ ಏನೂ ಉಳಿಯುವುದಿಲ್ಲ. ವಾರ್ಡಿನಲ್ಲಿ ಯಾವ ರೋಗಿಯೂ ಹಣೆಯ ಮೇಲೆ "ಶಾಕ್" ಎಂದು ಬರೆದುಕೊಂಡು ಮಲಗಿರುವುದಿಲ್ಲ.

ಇದೇ ಪ್ರಕರಣವನ್ನು ಹೀಗೆ ತಿರುಗಿಸಿ. ಮೊದಲ ಪುಟದಲ್ಲಿ ಪಾಳಿ ಬದಲಾಗುವ ಹೊತ್ತು ಇರಲಿ. ಶಸ್ತ್ರಚಿಕಿತ್ಸೆ ಮುಗಿದು ಆರು ಗಂಟೆಯಾಗಿದೆ, ರೋಗಿಯ ತೂಕ 60 ಕಿಲೋ. ಗಂಟೆಗೊಮ್ಮೆ ನೋಡಿದ ನಾಡಿ 88, 104, 118. ರಕ್ತದೊತ್ತಡ 124/76, 116/80, 110/86. ಕಳೆದ ಎರಡು ಗಂಟೆಗಳಲ್ಲಿ ಮೂತ್ರ ಒಟ್ಟು 40 ಮಿಲಿ, ಡ್ರೈನ್‌ನಲ್ಲಿ ಬಂದದ್ದು ಅತ್ಯಲ್ಪ. ರೋಗಿ "ಬಾಯಾರಿಕೆ, ಏನೋ ಸಂಕಟ, ಮಗಳನ್ನು ಕರೆಯಿರಿ" ಎನ್ನುತ್ತಾರೆ. ಪಾಳಿ ಮುಗಿಸಿ ಹೊರಟಿರುವ ಸಿಸ್ಟರ್ "ಬಿಪಿ ನಾರ್ಮಲ್ ಇದೆ, ನೋವಿಗೆ ಹೀಗಾಡುತ್ತಿದ್ದಾರೆ" ಎಂದು ಹೇಳಿ ಹೋಗುತ್ತಾರೆ. ಪುಟ ಅಲ್ಲಿಗೇ ನಿಲ್ಲಲಿ, ಕೆಳಗೆ ಪ್ರಶ್ನೆ ಬೇಡ.

ಆ ಸಿಸ್ಟರ್‌ನ ಮಾತೇ ಈ ಪ್ರಕರಣದ ಕೀಲಿ. ರಕ್ತದೊತ್ತಡದ ಮೇಲಿನ ಅಂಕಿಯನ್ನಷ್ಟೇ ನೋಡಿದವರು ಒಪ್ಪಿಕೊಳ್ಳುತ್ತಾರೆ. ಎರಡು ಅಂಕಿಗಳ ಅಂತರ 48ರಿಂದ 36ಕ್ಕೆ, ಅಲ್ಲಿಂದ 24ಕ್ಕೆ ಇಳಿದದ್ದನ್ನು ಕಂಡವರು ರಕ್ತನಾಳಗಳು ಬಿಗಿದುಕೊಂಡು ಒತ್ತಡವನ್ನು ಹಿಡಿದಿಟ್ಟಿವೆ ಎಂಬಲ್ಲಿಗೆ ತಲುಪುತ್ತಾರೆ. ಕಿಲೋಗೆ ಗಂಟೆಗೆ ಅರ್ಧ ಮಿಲಿ ಎಂದು ಲೆಕ್ಕ ಹಾಕಿದರೆ ಗಂಟೆಗೆ ಕನಿಷ್ಠ 30 ಮಿಲಿ ಮೂತ್ರ ಬರಬೇಕಿತ್ತು, ಬಂದದ್ದು ಗಂಟೆಗೆ 20.

ಸದಸ್ಯ 1: ಡ್ರೈನ್‌ನಲ್ಲಿ ರಕ್ತ ಇಲ್ಲವೆಂದ ಮೇಲೆ ಒಳಗೆ ರಕ್ತಸ್ರಾವವೂ ಇಲ್ಲವಲ್ಲವೇ? ಪ್ರಕರಣ ದಾರಿ ತಪ್ಪಿಸುತ್ತಿದೆ.

ಪ್ರಾಧ್ಯಾಪಕಿ: ಹೆಪ್ಪುಗಟ್ಟಿದ ರಕ್ತ ಡ್ರೈನಿನ ಬಾಯಿಯನ್ನು ಮುಚ್ಚಿರಬಹುದು. ನಿಮ್ಮಂತೆಯೇ ವಿದ್ಯಾರ್ಥಿಗಳೂ ಯೋಚಿಸಲಿ ಎಂದೇ ಅದನ್ನು ಇಟ್ಟದ್ದು.

ಸದಸ್ಯೆ 2: ಫಾರ್ವರ್ಡ್ ಆಗಿ ಬಂದದ್ದು: "ಶಾಕ್ ಲಕ್ಷಣ ಕಂಡರೆ ತಲೆ ತಗ್ಗಿಸಿ ಮಲಗಿಸಿ, ಕಾಲಿಗೆ ಬಿಸಿನೀರಿನ ಬಾಟಲಿ ಇಡಿ, ಗ್ಲೂಕೋಸ್ ನೀರು ಕುಡಿಸಿ." ಇದನ್ನು ತರಗತಿ ನಡೆಸುವವರ ಮಾರ್ಗದರ್ಶಿಯಲ್ಲಿ ಸೇರಿಸಬಹುದೇ?

ಪ್ರಾಧ್ಯಾಪಕಿ: ಖಂಡಿತ ಬೇಡ. ಈಕೆಯನ್ನು ಮತ್ತೆ ಶಸ್ತ್ರಚಿಕಿತ್ಸೆಗೆ ಒಯ್ಯಬೇಕಾಗಬಹುದು, ಆದ್ದರಿಂದ ಬಾಯಿಗೆ ಏನನ್ನೂ ಕೊಡುವಂತಿಲ್ಲ. ರಕ್ತ ಸಾಲದೆ ತಣ್ಣಗಾದ ಕಾಲಿನ ಚರ್ಮ ಬಿಸಿ ಬಾಟಲಿಯಿಂದ ಸುಡುತ್ತದೆ. ತಲೆ ತಗ್ಗಿಸಿದರೆ ಉಸಿರಾಟಕ್ಕೆ ತೊಡಕು. ಇಂಥದ್ದನ್ನು ದಯವಿಟ್ಟು ಓದಿ ನೋಡಿ ಕಳುಹಿಸಿ.

ಸದಸ್ಯ 3: ಮಾದರಿ ಉತ್ತರದ ಪಿಡಿಎಫ್ ಇದೆಯೇ?

ಪ್ರಾಧ್ಯಾಪಕಿ: ಇಲ್ಲ.

ಕಿರಿಯ ಬೋಧಕಿ: ಹಾಗಾದರೆ ಮಾರ್ಗದರ್ಶಿಯಲ್ಲಿ ಏನಿರಬೇಕು ಮೇಡಂ?

ಪ್ರಾಧ್ಯಾಪಕಿ: ಒಂದೊಂದು ಪುಟಕ್ಕೂ ವಿದ್ಯಾರ್ಥಿಗಳು ಎಲ್ಲಿ ಎಡವುತ್ತಾರೆ, ಆಗ ನೀವು ಯಾವ ಒಂದು ಪ್ರಶ್ನೆ ಕೇಳುತ್ತೀರಿ, ಯಾವಾಗ ಬಾಯಿ ಮುಚ್ಚಿಕೊಂಡಿರುತ್ತೀರಿ ಎಂಬುದಿರಬೇಕು. ಮೊದಲ ಪುಟಕ್ಕೆ ಬಹುಪಾಲು ಗುಂಪುಗಳು "ನೋವು, ಆತಂಕ" ಎನ್ನುತ್ತವೆ. "ತಪ್ಪು" ಎನ್ನಬೇಡಿ. "ನೋವೇ ಕಾರಣವಾದರೆ ಮೇಲಿನ ಅಂಕಿ ಯಾವ ಕಡೆಗೆ ಹೋಗಬೇಕಿತ್ತು?" ಎಂದು ಕೇಳಿ ಕಾಯಿರಿ. "ಮುಂದೇನು ನೋಡುತ್ತೀರಿ?" ಎಂಬುದಕ್ಕೆ ಅವರೇ ಕೈಕಾಲಿನ ತಣ್ಣನೆ, ಹೊಟ್ಟೆಯ ಉಬ್ಬರ, ರೋಗಿಯ ಮೈಕೆಳಗಿನ ಬಟ್ಟೆ ಎಂದು ಹೇಳಿದ ನಂತರವೇ ಎರಡನೆಯ ಪುಟವನ್ನು ಕೊಡಿ.

ಸದಸ್ಯ 1: ನಡೆಸುವವರು ಮಾತನಾಡಲೇಬಾರದು ಎಂಬುದು ಈ ಪದ್ಧತಿಯ ನಿಯಮ.

ಸದಸ್ಯೆ 4: ಅದು ಅರ್ಧ ಸತ್ಯ. ಗುಂಪು "ಇನ್ನೊಂದು ನೋವಿನ ಇಂಜೆಕ್ಷನ್ ಕೊಟ್ಟು ಬೆಳಗಿನವರೆಗೆ ಕಾಯೋಣ" ಎಂದು ಒಮ್ಮತಕ್ಕೆ ಬಂದಾಗಲೂ ನೀವು ಸುಮ್ಮನಿರುತ್ತೀರಾ?

ಸದಸ್ಯ 1: ತಪ್ಪಿನಿಂದಲೇ ಕಲಿಯಲಿ. ಮಧ್ಯೆ ಬಾಯಿ ಹಾಕಿದರೆ ಅದು ಹಳೆಯ ಉಪನ್ಯಾಸವೇ.

ಸದಸ್ಯೆ 4: ಆ ತಪ್ಪನ್ನು ಅವರು ನಾಳೆ ವಾರ್ಡಿಗೆ ಒಯ್ಯುತ್ತಾರೆ. ನೀವು ಎಂದಾದರೂ ಗುಂಪು ನಡೆಸಿದ್ದೀರೋ ಇಲ್ಲವೋ ಎಂಬ ಅನುಮಾನ ನನಗೆ.

ಪ್ರಾಧ್ಯಾಪಕಿ: ಇಬ್ಬರೂ ನಿಲ್ಲಿಸಿ. ರೋಗಿಗೆ ಅಪಾಯ ತರುವ ತೀರ್ಮಾನವನ್ನು ತಿದ್ದದೆ ಅಧಿವೇಶನ ಮುಗಿಸುವಂತಿಲ್ಲ. ಆದರೆ ಅದನ್ನು ತಕ್ಷಣ ತಿದ್ದಬೇಕೋ, ಸ್ವಯಂ ಅಧ್ಯಯನದ ನಂತರದ ಎರಡನೆಯ ಸಭೆಯವರೆಗೆ ತೆರೆದಿಡಬಹುದೋ ಎಂಬುದರಲ್ಲಿ ನನಗೂ ನನ್ನ ಸಹೋದ್ಯೋಗಿಗಳಿಗೂ ಇನ್ನೂ ಒಮ್ಮತವಿಲ್ಲ.

ಸದಸ್ಯೆ 5: ನನ್ನ ತಾಯಿಗೂ ಶಸ್ತ್ರಚಿಕಿತ್ಸೆಯ ನಂತರ ಮೂತ್ರ ಕಡಿಮೆಯಿದೆ, ಏನು ಕೊಡಬೇಕು?

ಪ್ರಾಧ್ಯಾಪಕಿ: ಇಲ್ಲಿ ಕೇಳಬೇಡಿ. ಈಗಲೇ ವಾರ್ಡಿನ ಸಿಸ್ಟರ್‌ಗೂ ವೈದ್ಯರಿಗೂ ತಿಳಿಸಿ.

ಸದಸ್ಯೆ 6: ಗುಂಪಿನಲ್ಲಿ ಕೊನೆಯವರೆಗೂ ಮಾತನಾಡದ ವಿದ್ಯಾರ್ಥಿಗೆ ಅಂಕ ಹೇಗೆ ಕೊಡುವುದು?

ಸದಸ್ಯ 3: ಯಾರ ಬಳಿಯಾದರೂ ಮಾದರಿ ಉತ್ತರ ಇದ್ದರೆ ಹಾಕಿ.

ಪ್ರಾಧ್ಯಾಪಕಿ: ಮೇಲೆ ಓದಿ.

ಕಿರಿಯ ಬೋಧಕಿ: ಕೊನೆಯದಾಗಿ ಒಂದು ಪ್ರಶ್ನೆ ಮೇಡಂ. ಹಿಮೋಗ್ಲೋಬಿನ್ ವರದಿಯನ್ನು ಯಾವ ಪುಟದಲ್ಲಿ ಇಡಲಿ?

ಪ್ರಾಧ್ಯಾಪಕಿ: ಮೂರನೆಯದರಲ್ಲಿ, ಅದೂ ಅವರು ಕೇಳಿದರೆ ಮಾತ್ರ. ಅಂಕಿ ಹಿಂದಿನ ದಿನದಷ್ಟೇ ಇರಲಿ. ರಕ್ತದ ಕಣವೂ ದ್ರವವೂ ಒಟ್ಟಿಗೇ ಹೋಗುವುದರಿಂದ ಮೊದಲ ಗಂಟೆಗಳಲ್ಲಿ ಅದು ಇಳಿಯದಿರಬಹುದು. ವರದಿ ಚೆನ್ನಾಗಿದೆಯೆಂದು ಗುಂಪು ನಿರಾಳವಾದರೆ, ಮೊದಲ ಪುಟವನ್ನು ಮತ್ತೆ ಅವರ ಮುಂದಿಡಿ.