ಗೇಟ್ ವೈರ್ ಕಿತ್ತರೂ ಎಲ್‌ಇಡಿ ಆರುತ್ತಿಲ್ಲ. ಮಾಸ್‌ಫೆಟ್ ಸುಟ್ಟಿದೆಯಾ?

ಹೊಸಬೆಸುಗೆ: BC547 ಹಾಕಿ ಒಂದು ಎಲ್‌ಇಡಿ ಉರಿಸುತ್ತಿದ್ದೆ. 9 ವೋಲ್ಟ್ ಬ್ಯಾಟರಿ, ಎಲ್‌ಇಡಿಗೆ 470 ಓಮ್, ಬೇಸ್‌ಗೆ 10 ಕೆ. ಬೇಸ್ ವೈರ್ ಪ್ಲಸ್‌ಗೆ ಚುಚ್ಚಿದರೆ ಉರಿಯುತ್ತದೆ, ಕಿತ್ತರೆ ಆರುತ್ತದೆ. ಅದರ ಜಾಗಕ್ಕೆ 2N7000 ಹಾಕಿದೆ. ಈಗ ವೈರ್ ಕಿತ್ತ ಮೇಲೂ ಉರಿಯುತ್ತಲೇ ಇದೆ! ಬೆರಳು ತಾಗಿಸಿದರೆ ಒಮ್ಮೆ ಮಂಕಾಗುತ್ತದೆ, ಒಮ್ಮೆ ಆರುತ್ತದೆ. ಇನ್ನೊಂದು ಹಾಕಿ ನೋಡಿದೆ, ಅದೂ ಹಾಗೇ.

ತಂತಿಮನೆ: ಕಾಲು ಅದಲುಬದಲಾಗಿರಬೇಕು. ಚಪ್ಪಟೆ ಮುಖ ನಮ್ಮ ಕಡೆ ಇಟ್ಟರೆ ಎಡದಿಂದ BC547ಗೆ ಕಲೆಕ್ಟರ್, ಬೇಸ್, ಎಮಿಟರ್. 2N7000ಗೆ ಸೋರ್ಸ್, ಗೇಟ್, ಡ್ರೈನ್. ಅದೇ ತೂತುಗಳಿಗೆ ಹಾಗೇ ಚುಚ್ಚಿದರೆ ಒಳಗಿನ ಡಯೋಡ್‌ನಿಂದಾಗಿ ಯಾವಾಗಲೂ ಉರಿಯುತ್ತದೆ.

ಹೊಸಬೆಸುಗೆ: ತಿರುಗಿಸಿಯೇ ಹಾಕಿದ್ದೇನೆ ಸರ್. ಬೆರಳಿಗೆ ಆರುತ್ತದೆ ಅಲ್ವಾ?

ಹಳೇಮೀಟರ್: ಹಾಗಾದರೆ ಅದು ಸುಟ್ಟಿಲ್ಲ. ಒಂದು ಕೆಲಸ ಮಾಡಿ. ವೈರ್ ಪ್ಲಸ್‌ನಲ್ಲೇ ಇರಲಿ, ಆ 10 ಕೆ ರೆಸಿಸ್ಟರ್‌ನ ಎರಡು ತುದಿಗೆ ಮೀಟರ್ ಹಿಡಿಯಿರಿ. BC547 ಇದ್ದಾಗ ಎಷ್ಟು, ಮಾಸ್‌ಫೆಟ್ ಇದ್ದಾಗ ಎಷ್ಟು?

ಹೊಸಬೆಸುಗೆ: BC547ಗೆ 8.3 ವೋಲ್ಟ್. ಮಾಸ್‌ಫೆಟ್‌ಗೆ ಸೊನ್ನೆ! ಇನ್ನೊಂದು ವಿಚಿತ್ರ. ವೈರ್ ಕಿತ್ತು, ಗೇಟ್‌ನಲ್ಲಿ ಎಷ್ಟಿದೆ ನೋಡೋಣ ಅಂತ ಗೇಟ್‌ಗೂ ಮೈನಸ್‌ಗೂ ಮೀಟರ್ ಇಟ್ಟ ಕೂಡಲೇ ಎಲ್‌ಇಡಿ ಆರಿಹೋಯಿತು.

ಹಳೇಮೀಟರ್: ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. 10 ಕೆ ಮೇಲೆ 8.3 ವೋಲ್ಟ್ ಅಂದರೆ ಬೇಸ್‌ಗೆ ಸುಮಾರು 0.8 ಮಿಲಿಆಂಪ್ ಸದಾ ಹರಿಯುತ್ತಿದೆ. ಅದು ನಿಂತರೆ BC547 ಕೂಡ ನಿಂತಿತು. ಮಾಸ್‌ಫೆಟ್‌ನ ಗೇಟ್ ಗಾಜಿನಂಥ ತೆಳು ಪದರದ ಹಿಂದೆ ಇರುತ್ತದೆ, ಒಂದು ಪುಟ್ಟ ಕೆಪಾಸಿಟರ್ ಇದ್ದ ಹಾಗೆ. ನೀವು ಅದನ್ನು ತುಂಬಿಸಿ ವೈರ್ ಕಿತ್ತಿರಿ. ತುಂಬಿದ್ದು ಹೋಗಲು ದಾರಿಯೇ ಇಲ್ಲ, ಹಾಗಾಗಿ ಆನ್ ಆಗಿಯೇ ಉಳಿಯಿತು. ಮೀಟರ್‌ನ ಒಳಗಿನ 10 ಮೆಗಾಓಮ್ ದಾರಿ ಕೊಟ್ಟಿತು, ಖಾಲಿಯಾಯಿತು. ಅಳೆಯಲು ಹೋದದ್ದೇ ಅದನ್ನು ಆರಿಸಿತು!

ತಂತಿಮನೆ: ಗೇಟ್‌ಗೆ ಕರೆಂಟೇ ಬೇಡ ಅಂದಮೇಲೆ ಆ 10 ಕೆ ಸುಮ್ನೆ ದಂಡ. ತೆಗೆದು ಗೇಟ್‌ನಿಂದ ಸೋರ್ಸ್‌ಗೆ ಒಂದು 10 ಕೆ ಹಾಕಿದರೆ ಸಾಕು.

ಹಳೇಮೀಟರ್: ಅರ್ಧ ಸರಿ. ಆನ್ ಆಗಿ ನಿಂತ ಮೇಲೆ ಕರೆಂಟ್ ಬೇಡ. ತುಂಬುವಾಗ, ಖಾಲಿಯಾಗುವಾಗ ಬೇಕೇ ಬೇಕು. ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಮಾಡುವವರಿಗೆ ಅದು ಲೆಕ್ಕಕ್ಕೆ ಬರುತ್ತದೆ, ಇಲ್ಲಿ ಇಲ್ಲ. ಇರುವ 10 ಕೆ ಹಾಗೇ ಇರಲಿ, ಕೆಳಗೆ ಗೇಟ್‌ನಿಂದ ಸೋರ್ಸ್‌ಗೆ 100 ಕೆ ಹಾಕಿ. ಕೆಳಗೂ 10 ಕೆ ಹಾಕಿದರೆ ಗೇಟ್‌ಗೆ ಅರ್ಧ, ಅಂದರೆ 4.5 ವೋಲ್ಟ್ ಮಾತ್ರ ಸಿಗುತ್ತದೆ.

ಮೋಟಾರುಪ್ರಿಯ: ನನ್ನದೂ ಇದೇ ಸಮಸ್ಯೆ. ESP32 ಪಿನ್‌ನಿಂದ IRF540N, 12 ವೋಲ್ಟ್ ಮೋಟಾರು. ಕೈ ಇಡಲಾಗದಷ್ಟು ಬಿಸಿ. 100 ಕೆ ಹಾಕಲಾ?

ಹಳೇಮೀಟರ್: ನಿಮ್ಮದು ಬೇರೆ ಕಥೆ. ಆ ಪಿನ್ ಕೊಡುವುದು 3.3 ವೋಲ್ಟ್. ಡೇಟಾಶೀಟ್‌ನಲ್ಲಿ ಗೇಟ್‌ಗೆ 2ರಿಂದ 4 ವೋಲ್ಟ್ ಅನ್ನುವುದು ಬರೀ 250 ಮೈಕ್ರೊಆಂಪ್ ಹರಿಯುವ ಹಂತ. ಪೂರ್ತಿ ತೆರೆದಾಗಿನ ಲೆಕ್ಕವನ್ನು 10 ವೋಲ್ಟ್‌ಗೆ ಕೊಟ್ಟಿರುತ್ತಾರೆ. ಅರ್ಧ ತೆರೆದ ಮಾಸ್‌ಫೆಟ್ ಬಿಸಿಯಾಗದೆ ಇನ್ನೇನಾದೀತು? ಮೋಟಾರು ಎಷ್ಟು ಆಂಪ್ ಎಳೆಯುತ್ತದೆ?

ಹೊಸಬೆಸುಗೆ: 100 ಕೆ ಹಾಕಿದೆ. ಕಿತ್ತ ತಕ್ಷಣ ಆರುತ್ತಿದೆ. ಹಾಕಿರುವುದು ಮೊದಲನೇ 2N7000, ಕಸದ ಬುಟ್ಟಿಯಿಂದ ಹೆಕ್ಕಿ ತಂದಿದ್ದು.